ಹೊಲಗಳಿಗೂ ಬಿದ್ದ ಕರ

(ನರಗುಂದ ತಾಲೂಕಿನ ಶಿರೋಳ. ನಿವೃತ್ತ ಕನ್ನಡ ಮಾಸ್ತರರ ಪಡಸಾಲೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ಬಂದಿದ್ದಾಳೆ.)

ಹುಡುಗಿ: ಸರ್, ಒಂದ ಪ್ರಶ್ನೆಗೆ ಎರಡು ಸಲ ಉತ್ತರ ಬರದೀನ್ರಿ. ಮೊದಲನೇ ಸಲ ‘ನಕಲು’ ಅಂತ ಕೆಂಪು ಶಾಯಿಲೆ ಬರದು ಕೊಟ್ರು. ಮನ್ಯಾಗ ಕುಂತು ಎಲ್ಲಾ ಶಬ್ದ ಬದಲಿ ಮಾಡಿ ಹೊಳ್ಳಿ ಬರದೆ. ಈ ಸಲ ‘ಅರ್ಥ ಕೆಟ್ಟಿದೆ’ ಅಂತ ಬರದಾರ. ಅದನ್ನ ಬರದ್ರ ನಕಲು, ಬದಲಿ ಮಾಡಿದ್ರ ತಪ್ಪು. ಮತ್ತ ಬರಿಯೂದು ಹೆಂಗ್ರಿ?

ಮಾಸ್ತರ: ತೋರ್ಸು ಇಲ್ಲೆ. ಗದ್ಯಭಾಗದಾಗಿನ ಮೂಲ ವಾಕ್ಯ ಯಾವುದು?

ಹುಡುಗಿ: ಇದ್ರಿ. “ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಸಾಕಷ್ಟು ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರ ವಿಧಿಸಿದ್ದರಿಂದ ಅನೇಕ ರೈತರು ಅದನ್ನು ಕಟ್ಟಲು ನಿರಾಕರಿಸಿದರು.” ಪ್ರಶ್ನೆ, “ರೈತರು ಅಭಿವೃದ್ಧಿ ಕರ ಕಟ್ಟಲು ನಿರಾಕರಿಸಿದ್ದೇಕೆ? ನಿಮ್ಮ ಸ್ವಂತ ವಾಕ್ಯಗಳಲ್ಲಿ ಉತ್ತರಿಸಿ.”

ಮಾಸ್ತರ: ನಮ್ಮ ಊರಿನ ಸುತ್ತಿನ ಕಥೀನ ಕೇಳ್ಯಾರ. ನಿನ್ನ ಎರಡನೇ ಉತ್ತರ ಓದು.

ಹುಡುಗಿ: “ಮಲಪ್ರಭಾ ಓರಣದಲ್ಲಿ ನಾಲೆಯ ಜಲವು ಯಥೇಷ್ಟವಾಗಿ ತಲುಪದ ಗದ್ದೆಗಳಿಗೆ ಪ್ರಗತಿ ತೆರಿಗೆ ಹಾಕಿದ್ದರಿಂದ ಹಲವು ಕೃಷಿಕರು ಅದನ್ನು ಪಾವತಿಸಲು ತಿರಸ್ಕರಿಸಿದರು.”

ಮಾಸ್ತರ: ಈ ‘ಓರಣ’ ಎಲ್ಲಿಂದ ಬಂತು?

ಹುಡುಗಿ: ನಿಘಂಟಿನ್ಯಾಗ ‘ಅಚ್ಚುಕಟ್ಟು’ ಅಂದ್ರ ಓರಣ ಅಂತ ಇತ್ರಿ.

ಮಾಸ್ತರ: ಇರ್ತೈತಿ. ಮನಿ ಅಚ್ಚುಕಟ್ಟಾಗಿ ಇಟ್ಟಾಳ ಅಂದಾಗ ಆ ಅರ್ಥ. ಕಾಲುವಿ ಮಾತು ಬಂದಾಗ ಅಚ್ಚುಕಟ್ಟು ಅಂದ್ರ ಆ ನೀರು ಯಾವ್ಯಾವ ಜಮೀನಿಗೆ ಹರೀಬೇಕು ಅಂತ ಗುರುತು ಮಾಡಿದ ಪ್ರದೇಶ. ನವಿಲುತೀರ್ಥದ ಅಣೆಕಟ್ಟಿನ ಕಾಲುವಿಗೆ ಸೇರಿದ ನೆಲ ಮಲಪ್ರಭಾ ಅಚ್ಚುಕಟ್ಟು. ನಿಮ್ಮಪ್ಪಗ ಕೇಳಿದ್ರ ನಿಘಂಟಿಲ್ಲದ ಹೇಳ್ತಿದ್ದ. ಇನ್ನ ‘ಹೊಲ’ ತಗದು ‘ಗದ್ದೆ’ ಮಾಡೀಯಲ್ಲ, ಶಿರೋಳದಾಗ ಗದ್ದಿ ಎಲ್ಲಿ ನೋಡೀದಿ?

ಹುಡುಗಿ: ನಮ್ಮದೆಲ್ಲಾ ಎರಿ ಹೊಲ್ರಿ. ಕಡ್ಲಿ, ಜ್ವಾಳ, ಗೋವಿನಜ್ವಾಳ.

ಮಾಸ್ತರ: ಗದ್ದೆ ಅಂದ್ರ ನೀರು ನಿಲ್ಲಿಸಿ ಭತ್ತ ಬೆಳಿಯೂ ನೆಲ. ಇಲ್ಲಿ ನೀರ ಸಾಲವಲ್ದು ಅಂತ ಜಗಳ ನಡದೈತಿ, ನೀನು ಆ ನೆಲಾನ ಗದ್ದಿ ಮಾಡಿಬಿಟ್ಟಿ. ‘ಸಾಕಷ್ಟು’ ಅಂದ್ರ ಬೇಕಾದಷ್ಟು. ‘ಯಥೇಷ್ಟ’ ಅಂದ್ರ ಮನಸಿಗೆ ಬಂದಷ್ಟು, ಧಾರಾಳ. ಧಾರಾಳ ನೀರು ಬರಲಿಲ್ಲ ಅಂತ ರೈತರು ಸಿಟ್ಟಾದ್ರು ಅಂದ್ರ ಅವರ ತಕರಾರಿಗೆ ತೂಕ ಇರೂದಿಲ್ಲ. ಬೆಳಿಗೆ ಬೇಕಾದಷ್ಟೂ ಬರಲಿಲ್ಲ ಅನ್ನೂದು ಅವರ ಮಾತು. ಮತ್ತ ‘ಪಾವತಿಸಲು ತಿರಸ್ಕರಿಸಿದರು’ ಅಂತ ಯಾರೂ ಅನ್ನೂದಿಲ್ಲ. ಒಂದನ್ನ ತಿರಸ್ಕರಿಸಬಹುದು, ಮಾಡೂದಿಲ್ಲ ಅನ್ನೂದಕ್ಕ ನಿರಾಕರಿಸು, ಒಪ್ಪದಿರು ಅಂತ ಬರ್ತೈತಿ.

ಹುಡುಗಿ: ‘ಪ್ರಗತಿ ತೆರಿಗೆ’ ಸರಿ ಐತೇನ್ರಿ? ಅಭಿವೃದ್ಧಿ ಅಂದ್ರ ಪ್ರಗತಿ, ಕರ ಅಂದ್ರ ತೆರಿಗೆ.

ಮಾಸ್ತರ: ಬಿಡಿ ಬಿಡಿಯಾಗಿ ಸರಿ. ಕೂಡಿಸಿದ್ರ ಅಂಥ ತೆರಿಗಿ ಯಾವ ಕಾಗದದಾಗೂ ಇಲ್ಲ. ಅಭಿವೃದ್ಧಿ ಕರ ಅನ್ನೂದು ಒಂದು ಗೊತ್ತಾದ ಕರದ ಹೆಸರು. ಹೆಸರು ಹಂಗ ಇಡಬೇಕು, ಅದು ನಕಲು ಅಲ್ಲ. ಮಲಪ್ರಭಾ, ಅಚ್ಚುಕಟ್ಟು, ಅಭಿವೃದ್ಧಿ ಕರ, ಈ ಮೂರನ್ನ ನಿನ್ನ ಉತ್ತರದಾಗ ಕಂಡ್ರ ಯಾವ ಮಾಸ್ತರನೂ ಕೆಂಪು ಶಾಯಿ ಎತ್ತೂದಿಲ್ಲ. ಊರಿನ ಹೆಸರು, ಇಸವಿ, ಅಂಕಿ, ಕಾಯ್ದೆದ ಮಾತು, ಇವಕ್ಕೂ ಹಂಗ.

ಹುಡುಗಿ: ಹಂಗಾರ ಇವನ್ನೆಲ್ಲಾ ತಿದ್ದಿದ್ರ ಉತ್ತರ ಸರಿ ಆಗ್ತೈತೇನ್ರಿ?

ಮಾಸ್ತರ: ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೂ ಉಳದೈತಿ, ಅದು ಒಂದ ಅಕ್ಷರದ್ದು. ಮೂಲದಾಗ ‘ಹೊಲಗಳಿಗೂ’ ಐತಿ. ನೀ ‘ಗದ್ದೆಗಳಿಗೆ’ ಅಂತ ಬರದಿ. ಆ ‘ಊ’ ಎಲ್ಲಿ ಹೋತು?

ಹುಡುಗಿ: ಅದೇನು ಶಬ್ದ ಅಲ್ಲಲ್ರಿ, ಬರೇ ಬಾಲ.

ಮಾಸ್ತರ: ಆ ಬಾಲದಾಗ ರೈತರ ಇಡೀ ಚಳವಳಿ ಐತಿ. ಅಭಿವೃದ್ಧಿ ಕರ ಅಂದ್ರ ಏನು ಅಂತ ಮೊದಲು ತಿಳ್ಕೊ. ನೀರಾವರಿ ಬಂದ್ರ ಹೊಲದ ಕಿಮ್ಮತ್ತು ಏರ್ತೈತಿ. ಸರಕಾರದ ರೊಕ್ಕದಿಂದ ಕಾಲುವಿ ಆತು, ಅದರಿಂದ ನಿನ್ನ ಜಮೀನಿನ ಬೆಲಿ ಹೆಚ್ಚಾತು, ಹೆಚ್ಚಾದದ್ದರಾಗ ಒಂದು ಪಾಲು ಕೊಡು ಅಂತ ಕೇಳೂದು ಈ ಕರ. ಹಂಗಾಮಿಗೆ ಇಷ್ಟು ನೀರು ಬಿಟ್ಟೀವಿ, ಇಷ್ಟು ಕೊಡು ಅನ್ನೂ ನೀರಿನ ಕರ ಬ್ಯಾರೆ. ಈಗ ಕಾಲುವಿ ಕೊನಿಯಾಗಿನ ಒಬ್ಬ ರೈತನ್ನ ನೆನಸ್ಕೊ. ಅವನ ಹೊಲ ನಕಾಶದಾಗ ಅಚ್ಚುಕಟ್ಟಿಗೆ ಸೇರೈತಿ. ನೀರು ಮಾತ್ರ ಅಲ್ಲೀತನ ಬರೂದಿಲ್ಲ, ಬಂದ್ರೂ ಸಾಲೂದಿಲ್ಲ. ನೀರಿಲ್ಲದ ಬೆಲಿ ಏರಲಿಲ್ಲ, ಬೆಳಿ ಹೆಚ್ಚಾಗಲಿಲ್ಲ, ಕರಾ ಮಾತ್ರ ಬಂತು. ನೀರು ಚೊಲೊ ಬಂದ ಹೊಲಕ್ಕ ಕರಾ ಹಾಕಿದ್ರ ಅದಕ್ಕೊಂದು ಕಾರಣರ ಇತ್ತು. ಸಾಕಷ್ಟು ನೀರು ಕಾಣದ ಹೊಲಕ್ಕೂ ಹಾಕಿದ್ದು ಅವರ ಸಂಕಟ. ‘ಊ’ ಅನ್ನೂದು ಅದನ್ನ ಹೇಳ್ತೈತಿ.

ಹುಡುಗಿ: ಅಂದ್ರ ನಾ ಬರದಿದ್ದು ಓದಿದ್ರ…

ಮಾಸ್ತರ: ನೀರು ಬರದ ಹೊಲಾನ ಆರಿಸಿ ಅವಕ್ಕಷ್ಟ ಕರಾ ಹಾಕಿದ್ರು ಅಂತ ತಿಳ್ಕೊಳ್ಳಾಕ ಜಾಗ ಆಗ್ತೈತಿ. ನೀರು ಬಂದವರು ಕರದಿಂದ ಪಾರಾದ್ರೋ ಏನೋ ಅಂತ ಓದಿದವ ಕೇಳ್ತಾನ. ದೊಡ್ಡ ದೊಡ್ಡ ಶಬ್ದ ಎಲ್ಲಾ ಬದಲಿ ಮಾಡಿ, ಸಣ್ಣದೊಂದು ಪ್ರತ್ಯಯ ಬೀಳಿಸಿದಿ, ವಾಕ್ಯ ಬ್ಯಾರೆ ಸಂಗತಿ ಹೇಳಾಕ ಹತ್ತಿತು. ಉತ್ತರಪತ್ರಿಕಿ ನೋಡೂಮುಂದ ನಾ ಕಂಡಿದ್ದು ಇದನ್ನ ಯವ್ವಾ. ಹುಡುಗರು ಕಠಿಣ ಶಬ್ದಕ್ಕ ಹೆದರತಾರ, ಅವನ್ನ ಕಾಳಜೀಲೆ ನೋಡ್ಕೊಂತಾರ. ‘ಊ’, ‘ಏ’, ‘ಬಹುದು’, ‘ಅಂತೆ’, ‘ಮಾತ್ರ’, ‘ಕೆಲವು’, ಇಂಥವನ್ನ ಗಮನ ಕೊಡದ ಬಿಟ್ಟುಬಿಡ್ತಾರ. ಕನ್ನಡದಾಗ ಎಷ್ಟು ಮಂದಿ, ಎಷ್ಟು ಖಾತ್ರಿ, ಅದಷ್ಟನೋ ಅದೂ ಕೂಡೋ ಅನ್ನೂದೆಲ್ಲಾ ಇಂಥ ಸಣ್ಣವುಗಳ ಮ್ಯಾಲೆ ನಿಂತಿರ್ತೈತಿ.

ಹುಡುಗಿ: ‘ಬಹುದು’ ಬಿಟ್ರೂ ಹಿಂಗ ಕೆಡ್ತೈತೇನ್ರಿ?

ಮಾಸ್ತರ: “ಹಿಂಗಾರಿ ಮಳೆ ಕೈಕೊಟ್ಟರೆ ಕಡಲೆಯ ಇಳುವರಿ ಕಡಿಮೆಯಾಗಬಹುದು” ಅಂತ ಐತಿ ಅನ್ನು. ಒಬ್ಬ ಹುಡುಗ ಅದನ್ನ “ಹಿಂಗಾರಿ ಮಳೆ ಬಾರದೆ ಕಡಲೆ ಬೆಳೆ ಕಡಿಮೆಯಾಗಿದೆ” ಅಂತ ಬರದ. ಮಳಿ ಇನ್ನೂ ಕೈಕೊಟ್ಟಿಲ್ಲ, ಇಳುವರಿ ಇನ್ನೂ ಇಳದಿಲ್ಲ. ಕೊಟ್ರ, ಇಳಿಯಬಹುದು. ಆಗದ ಸಂಗತೀನ ಆಗೈತಿ ಅಂತ ಬರದಂಗಾತು. ಇಲ್ಲಿ ಶಬ್ದ ಯಾವುದೂ ತಪ್ಪಿಲ್ಲ, ಕ್ರಿಯಾಪದದ ಬಾಲ ತಪ್ಪೈತಿ.

ಹುಡುಗಿ: ಮತ್ತ ಮೂಲದಾಗ ಇದ್ದಂಗ ಬರಿಯೂದ ಚೊಲೊ ಅಲ್ಲೇನ್ರಿ? ಬಾಯಿಪಾಠ ಮಾಡಿ ಬರದವರಿಗೂ ಅಂಕ ಬರ್ತಾವು.

ಮಾಸ್ತರ: ಬರ್ತಾವು, ಸುಳ್ಳಂತ ಹೇಳೂದಿಲ್ಲ. ಮಾದರಿ ಉತ್ತರದಾಗಿನ ಅಂಶ ಬಂದ್ರ ಅಂಕ ಕೊಡ್ತಾರ. ಆದ್ರ ಅದ ಪ್ರಶ್ನೀನ ಸ್ವಲ್ಪ ತಿರುಗಿಸಿ ಕೇಳ್ಲಿ. “ನೀರು ಚೆನ್ನಾಗಿ ಬಂದ ಹೊಲಗಳಿಗೆ ಕರ ಇತ್ತೇ?” ಅಂತ ಕೇಳಿದ್ರ, ಬಾಯಿಪಾಠ ಮಾಡಿದವ ಮತ್ತ ಆ ವಾಕ್ಯಾನ ಇಡಿಯಾಗಿ ಬರದು ಬರ್ತಾನ. ಉತ್ತರ ಆ ‘ಊ’ದಾಗ ಐತಿ ಅಂತ ಅವಗ ಗೊತ್ತಾಗೂದಿಲ್ಲ. ನಿನ್ನ ಸ್ವಂತ ವಾಕ್ಯದಾಗ ಹೇಳು ಅಂತ ಕೇಳೂದು ನಿನಗ ತಿಳದೈತೋ ಇಲ್ಲೋ ನೋಡಾಕ. ನಿನ್ನ ಎರಡನೇ ಉತ್ತರ ಖರೇ ಅಂದ್ರ ನಕಲನ. ಮೂಲದ ವಾಕ್ಯದ ಕಟ್ಟಡ ಹಂಗ ಐತಿ. ಮೊದಲು ಮಲಪ್ರಭಾ, ಆಮ್ಯಾಲೆ ನೀರು, ಆಮ್ಯಾಲೆ ಹೊಲ, ಕರ, ರೈತರು. ಇದ್ದಲ್ಲೇ ಒಂದೊಂದು ಶಬ್ದ ಕಿತ್ತು ಇನ್ನೊಂದು ಕುಂದ್ರಿಸೀದಿ. ಹಂಗ ಮಾಡೂಮುಂದ ವಾಕ್ಯ ಏನು ಹೇಳ್ತೈತಿ ಅಂತ ನೀ ಒಮ್ಮೆನೂ ಕೇಳ್ಕೊಳ್ಳಲಿಲ್ಲ.

ಹುಡುಗಿ: ಕೇಳ್ಕೊಂಡಿಲ್ರಿ. ನಿಘಂಟು ತಗೊಂಡು ಒಂದರ ಮ್ಯಾಲೊಂದು ನೋಡ್ಕೋತ ಹೋದೆ.

ಮಾಸ್ತರ: ಈಗ ಆ ಹಾಳಿ ಬೋರಲು ಹಾಕು. ನಿಘಂಟು ಬ್ಯಾಡ. ನಿಮ್ಮ ಅಜ್ಜಿ ಇಲ್ಲೇ ಕುಂತಾಳ ಅಂತ ತಿಳ್ಕೊ. ಆಕಿ ಕೇಳ್ತಾಳ, “ಯಾಕ ಕಟ್ಟಲಿಲ್ಲಂತ ಅವರು ಕರಾನ?” ಮನಿಯಾಗ ಮಾತಾಡಿದಂಗ ಹೇಳು. ಪುಸ್ತಕದ ಕನ್ನಡ ಬ್ಯಾಡ.

ಹುಡುಗಿ: ಅಜ್ಜೀ, ಎಲ್ಲಾ ಹೊಲಕ್ಕೂ ನೀರು ಬರಲಿಲ್ಲ. ಆದ್ರೂ ಕರಾ ಹಾಕಿದ್ರು…

ಮಾಸ್ತರ: ತಡಿ. “ಎಲ್ಲಾ ಹೊಲಕ್ಕೂ ನೀರು ಬರಲಿಲ್ಲ” ಅಂದ್ರ ಒಂದು ಹೊಲಕ್ಕೂ ಬರಲಿಲ್ಲಂತನೋ, ಕೆಲವಕ್ಕ ಬಂತು ಕೆಲವಕ್ಕ ಇಲ್ಲಂತನೋ?

ಹುಡುಗಿ: ಕೆಲವಕ್ಕ ಇಲ್ಲಂತ್ರಿ.

ಮಾಸ್ತರ: ನಿನ್ನ ವಾಕ್ಯ ಎರಡೂ ಹೇಳ್ತೈತಿ. ಬಾಯಿಲೆ ಹೇಳೂಮುಂದ ದನಿ ಏರಿಸಿ ಇಳಿಸಿ ಯಾವ ಅರ್ಥ ಅಂತ ತೋರಸ್ತೀವಿ, ಹಾಳಿ ಮ್ಯಾಲೆ ದನಿ ಇರೂದಿಲ್ಲ. ‘ಎಲ್ಲ’ ಮತ್ತ ‘ಇಲ್ಲ’ ಒಂದ ವಾಕ್ಯದಾಗ ಬಂದ್ರ ನಿಂತು ನೋಡಬೇಕು. ಇನ್ನೊಂದು, ಮೂಲದಾಗ ನೀರ ಬರಲಿಲ್ಲ ಅಂತಿಲ್ಲ, ಸಾಕಷ್ಟು ಬರಲಿಲ್ಲ ಅಂತೈತಿ. ಈಗ ಹೇಳು.

ಹುಡುಗಿ: ಅಜ್ಜೀ, ಕೆಲವು ಹೊಲಕ್ಕ ಕಾಲುವಿ ನೀರು ಬೇಕಾದಷ್ಟು ಬರ್ತಿದ್ದಿಲ್ಲ. ಆದ್ರೂ ಆ ಹೊಲಕ್ಕೂ ಅಭಿವೃದ್ಧಿ ಕರಾ ಹಾಕಿದ್ರು. ಹಂಗಾಗಿ ಭಾಳ ಮಂದಿ ರೈತರು ‘ನಾವು ಕಟ್ಟೂದಿಲ್ಲ’ ಅಂದ್ರು.

ಮಾಸ್ತರ: ನೋಡು, ಒಂದ ಉದ್ದನ್ನ ವಾಕ್ಯ ತಾನ ಮೂರಾತು. ನಾನಾಗಲಿ ನೀನಾಗಲಿ ಒಡೀಲಿಲ್ಲ. ಮೂಲದಾಗ “ನೀರು ಸಾಕಷ್ಟು ಮುಟ್ಟದ ಹೊಲ” ಅಂತ ಒಂದು ಸಂಗತೀನ ಹೊಲದ ಹಿಂದ ವಿಶೇಷಣ ಮಾಡಿ ಕಟ್ಟಿದ್ರು. ಮಾತಾಡೂಮುಂದ ನಾವು ಅಷ್ಟು ಬಿಗಿಯಾಗಿ ಕಟ್ಟೂದಿಲ್ಲ, ಬಿಚ್ಚಿ ಹೇಳ್ತೀವಿ. ಶಿರೋಳದ ಮಾತಿಗೂ ಪುಸ್ತಕದ ಕನ್ನಡಕ್ಕೂ ಇರೂ ಅಂತರ ಇಲ್ಲಿ ಉಪಯೋಗಕ್ಕ ಬಂತು. ನಮ್ಮ ಮಾತಿನಾಗ ಹೇಳಬೇಕಂದ್ರ ಮೂಲದ ವಾಕ್ಯ ಹಂಗ ಹೇಳಾಕ ಬರೂದ ಇಲ್ಲ. ಮೊದಲು ತಿಳ್ಕೋಬೇಕು, ಆಮ್ಯಾಲೆ ಹೊಸದಾಗಿ ಕಟ್ಟಬೇಕು. ಇನ್ನ ಇದನ್ನ ಬರವಣಿಗಿ ಕನ್ನಡಕ್ಕ ತಾ. ಮೂಲ ಇನ್ನೂ ತಗೀಬ್ಯಾಡ.

(ಹುಡುಗಿ ಬರೆಯುತ್ತಾಳೆ.)

ಹುಡುಗಿ: “ಮಲಪ್ರಭಾ ಅಚ್ಚುಕಟ್ಟಿನ ಕೆಲವು ಹೊಲಗಳಿಗೆ ಕಾಲುವೆಯಿಂದ ಬೇಕಾದಷ್ಟು ನೀರು ಬರುತ್ತಿರಲಿಲ್ಲ. ಹಾಗಿದ್ದರೂ ಸರಕಾರ ಅವುಗಳ ಮೇಲೂ ಅನ್ಯಾಯದ ಅಭಿವೃದ್ಧಿ ಕರ ಹೇರಿತು. ಆದ್ದರಿಂದಲೇ ರೈತರು ಅದನ್ನು ಕೊಡಲು ಒಪ್ಪಲಿಲ್ಲ.”

ಮಾಸ್ತರ: ಈಗ ಮೂಲ ತಗದು ಬಾಜೂಕ ಇಡು. ನಕಲು ಆಗೈತೇನು ಅಂತ ಮೊದಲು ನೋಡು. ಹೆಸರು ಬಿಟ್ಟು, ಮೂರು ನಾಕು ಶಬ್ದ ಸಾಲಾಗಿ ಅದ ಕ್ರಮದಾಗ ಎಲ್ಲರ ಬಂದಾವೇನು?

ಹುಡುಗಿ: ಇಲ್ರಿ.

ಮಾಸ್ತರ: ಆ ಕಡೆ ಚಿಂತಿ ಇಲ್ಲ. ಈಗ ಅರ್ಥ. ಮೂಲದಾಗಿನ ಏನು ಬಿಟ್ಟಿ, ಮೂಲದಾಗ ಇಲ್ಲದ್ದು ಏನು ಸೇರಿಸಿದಿ, ಎರಡನ್ನೂ ಹುಡುಕು.

ಹುಡುಗಿ: ಬಿಟ್ಟಿದ್ದು… ‘ಅನೇಕ’ ಬಿಟ್ಟೀನ್ರಿ. ಬರೇ ‘ರೈತರು’ ಅಂದೀನಿ.

ಮಾಸ್ತರ: ಹೌದು. ಬರೇ ರೈತರು ಅಂದ್ರ ಎಲ್ಲರೂ ಅನ್ನೂ ಹಂಗ ಕೇಳಸ್ತೈತಿ. ಪ್ರಶ್ನೆದಾಗೂ ‘ರೈತರು’ ಅಂತ ಐತಿ ಅದಕ್ಕ ನಿನಗ ತಪ್ಪಿತು. ಆದ್ರ ಗದ್ಯಭಾಗ ಅನೇಕರು ಅಂತೈತಿ. ಸೇರಿಸಿದ್ದು?

ಹುಡುಗಿ: ‘ಸರಕಾರ’ ಸೇರಿಸೀನ್ರಿ. ಮೂಲದಾಗ ಯಾರು ಹಾಕಿದ್ರು ಅಂತಿಲ್ಲ.

ಮಾಸ್ತರ: ಕರಾ ಹಾಕೂದು ಸರಕಾರನ ಅಂತ ಓದಿದ ಎಲ್ಲರಿಗೂ ತಿಳೀತೈತಿ, ಅದರಿಂದ ಅರ್ಥ ಕೆಡೂದಿಲ್ಲ. ಆದ್ರ ಉತ್ತರಕ್ಕ ಅದು ಬೇಕಾಗೂ ಇಲ್ಲ, ಬಿಡಬಹುದು. ಇನ್ನೊಂದು ಐತಿ.

ಹುಡುಗಿ: ‘ಅನ್ಯಾಯದ’ ಅಂತ್ರಿ. ಅದು ಅನ್ಯಾಯ ಅಲ್ಲೇನ್ರಿ ಸರ್? ನಮ್ಮ ಮುತ್ಯಾ ಹೇಳ್ತಿದ್ರು. ಈ ಕರದ ವಿರುದ್ಧದ ಚಳವಳಿಯಾಗ 1980ರ ಜುಲೈ 21ರಂದು ನರಗುಂದದಾಗ ಪೊಲೀಸರ ಗುಂಡಿಗೆ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ರಂತ, ಅವತ್ತ ನವಲಗುಂದದಾಗ ಅಳಗವಾಡಿ ಬಸಪ್ಪ ಲಕ್ಕುಂಡಿ ಸತ್ರಂತ. ಪ್ರತಿ ವರ್ಷ ಆ ದಿನ ನರಗುಂದದ ವೀರಗಲ್ಲಿಗೆ ಮಾಲಿ ಹಾಕ್ತಾರ. ಅದನ್ನ ಬರೀದ ಹೆಂಗ ಇರೂದ್ರಿ?

ಮಾಸ್ತರ: ಅನ್ಯಾಯ ಅಂತ ನಾನೂ ಅಂತೀನಿ ತಂಗಿ. ಸಾಕಷ್ಟು ನೀರು ಕಾಣದವನ ಹತ್ರ ನೀರಿನ ಲಾಭದ ಪಾಲು ಕೇಳೂದು ಅನ್ಯಾಯನ. ಆದ್ರ ಆ ಮಾತು ನಿನ್ನದು, ನನ್ನದು, ನಿಮ್ಮ ಮುತ್ಯಾಂದು. ಈ ಗದ್ಯಭಾಗದ್ದಲ್ಲ. ಅದನ್ನ ಬರದವರು ಏನಾತು ಅಂತಷ್ಟ ಹೇಳ್ಯಾರ. ಅವರ ವಾಕ್ಯದ ಒಳಗ ನಿನ್ನ ತೀರ್ಪು ಸೇರಿಸಿ ಬರದ್ರ, ಓದಿದವರು ಅದನ್ನ ಅವರ ಮಾತು ಅಂತ ತಿಳೀತಾರ. ನಿನಗ ಹೇಳೂದು ಇದ್ರ ಬ್ಯಾರೆ ವಾಕ್ಯದಾಗ, ‘ನನ್ನ ಅಭಿಪ್ರಾಯದಲ್ಲಿ’ ಅಂತ ಶುರು ಮಾಡಿ ಹೇಳು. ಪ್ರಶ್ನೆ ಅಭಿಪ್ರಾಯ ಕೇಳಿದಾಗ ಈರಪ್ಪನ ಹೆಸರೂ ಬರೀ, ಬಸಪ್ಪನ ಹೆಸರೂ ಬರೀ. ಇಲ್ಲಿ ಕಾರಣ ಅಷ್ಟ ಕೇಳ್ಯಾರ. ಹಂಗ ನೋಡಿದ್ರ ‘ಅನ್ಯಾಯ’ ತಗದ್ರೂ ನಿನ್ನ ತೀರ್ಪು ಇನ್ನೊಂದು ಕಡೆ ಉಳದೈತಿ.

ಹುಡುಗಿ: ಎಲ್ಲಿ?

ಮಾಸ್ತರ: ‘ಹೇರಿತು’. ಮೂಲದಾಗ ‘ವಿಧಿಸಿ’ ಐತಿ. ವಿಧಿಸೂದು ಕಾಯ್ದೆ ಪ್ರಕಾರ ಹಾಕೂದು, ಅದರಾಗ ಚೊಲೊ ಕೆಟ್ಟ ಎರಡೂ ಇಲ್ಲ. ಹೇರೂದು ಅಂದ್ರ ಬ್ಯಾಡ ಅಂದವನ ಹೆಗಲ ಮ್ಯಾಲೆ ಭಾರ ಇಡೂದು. ‘ಹಾಕಲಾಯಿತು’ ಅನ್ನು, ಸಾಕು.

ಹುಡುಗಿ: ‘ಆದ್ದರಿಂದಲೇ’ ಸರಿ ಐತಲ್ರಿ?

ಮಾಸ್ತರ: ನೀನ ಹೇಳು. ‘ಆದ್ದರಿಂದ’ಕ್ಕೂ ‘ಆದ್ದರಿಂದಲೇ’ಗೂ ಏನು ಅಂತರ?

ಹುಡುಗಿ: ‘ಲೇ’ ಅಂದ್ರ… ಅದೊಂದ ಕಾರಣ, ಬ್ಯಾರೆ ಯಾವುದೂ ಅಲ್ಲ ಅಂತ ಆಗ್ತೈತಿ. ಮೂಲದಾಗ ಬರೇ ‘ವಿಧಿಸಿದ್ದರಿಂದ’ ಐತಿ. ಬ್ಯಾರೆ ಕಾರಣ ಇರಲಿಲ್ಲ ಅಂತ ಹೇಳಿಲ್ಲ.

ಮಾಸ್ತರ: ಈಗ ನಿನಗ ದಾರಿ ಸಿಕ್ಕಿತು. ಹಿಂದಿನ ಸಲ ಒಂದು ಪ್ರತ್ಯಯ ಬೀಳಿಸಿದ್ದಿ, ಈ ಸಲ ಒಂದು ಪ್ರತ್ಯಯ ಹೆಚ್ಚಿಗಿ ಹಾಕಿದ್ದಿ. ಎರಡೂ ಅರ್ಥ ಕೆಡಸ್ತಾವು.

ಹುಡುಗಿ: ಸರ್, ಇಷ್ಟೆಲ್ಲಾ ಬಿಗಿ ಹಿಡದ್ರ ಸ್ವಂತ ವಾಕ್ಯ ಅನ್ನೂದು ಏನು ಉಳೀತೈತ್ರಿ? ಅವರು ಹೇಳಿದ್ದನ್ನ ಹೇಳೂದಷ್ಟ ಆತಲ್ಲ.

ಮಾಸ್ತರ: ಗಮಕ ಕೇಳೀದಿಯೇನು? ಗದುಗಿನ ವೀರನಾರಾಯಣನ ಗುಡಿಯಾಗ ಕುಂತು ಕುಮಾರವ್ಯಾಸ ಭಾರತ ಬರದ ಅಂತ ಪ್ರತೀತಿ ಐತಿ. ಗಮಕದಾಗ ಆ ಪದ್ಯಾನ ಒಬ್ಬರು ವಾಚನ ಮಾಡ್ತಾರ, ಇನ್ನೊಬ್ಬರು ವ್ಯಾಖ್ಯಾನ ಹೇಳ್ತಾರ. ವ್ಯಾಖ್ಯಾನ ಹೇಳೂವರು ಪದ್ಯದ ಶಬ್ದ ಹೊಳ್ಳಿ ಒಪ್ಪಸೂದಿಲ್ಲ, ಕುಂತ ಮಂದಿಗೆ ತಿಳಿಯೂ ಹಂಗ ತಮ್ಮ ಮಾತಿನಾಗ ಹೇಳ್ತಾರ. ಒಬ್ಬೊಬ್ಬರು ಹೇಳೂ ರೀತಿ ಒಂದೊಂದು. ಆದ್ರ ಕರ್ಣ ಅಂದ ಮಾತನ್ನ ಅರ್ಜುನನ ಬಾಯಾಗ ಇಟ್ರ ಕೇಳೂ ಮಂದಿ ಸುಮ್ಮನ ಕೂಡೂದಿಲ್ಲ. ಸಂಗತಿ ಅವರದು, ಅದನ್ನ ಯಾವ ಕ್ರಮದಾಗ ಹೇಳಬೇಕು, ಎಲ್ಲಿ ಬಿಚ್ಚಬೇಕು, ಎಲ್ಲಿ ಕೂಡಿಸಬೇಕು ಅನ್ನೂದು ನಿನ್ನದು. ನೀ ಹೊಲದ ಸಂಗತಿ ಮೊದಲು ಹೇಳಿ ‘ಹಾಗಿದ್ದರೂ’ ಅಂತ ಇಟ್ಟಿಯಲ್ಲ, ಆ ‘ಹಾಗಿದ್ದರೂ’ ಮೂಲದಾಗ ಎಲ್ಲೂ ಇಲ್ಲ. ‘ಹೊಲಗಳಿಗೂ’ ಅನ್ನೂದರಾಗ ಮುಚ್ಚಿದ್ದನ್ನ ನೀ ತಗದು ಹೊರಗಿಟ್ಟಿ. ಅದು ನಿನ್ನ ಕೆಲಸ, ಚೊಲೊ ಕೆಲಸ.

ಹುಡುಗಿ: ಹಂಗಾರ ಇದು ಸರಿ ಐತೇನು ನೋಡ್ರಿ. “ಮಲಪ್ರಭಾ ಅಚ್ಚುಕಟ್ಟಿನ ಕೆಲವು ಹೊಲಗಳಿಗೆ ಕಾಲುವೆಯಿಂದ ಬೇಕಾದಷ್ಟು ನೀರು ಬರುತ್ತಿರಲಿಲ್ಲ. ಹಾಗಿದ್ದರೂ ಅವುಗಳ ಮೇಲೂ ಅಭಿವೃದ್ಧಿ ಕರ ಹಾಕಲಾಯಿತು. ಆದ್ದರಿಂದ ಅನೇಕ ರೈತರು ಅದನ್ನು ಕೊಡಲು ಒಪ್ಪಲಿಲ್ಲ.”

ಮಾಸ್ತರ: ಮೂಲದ ಮ್ಯಾಲೆ ಕೇಳೂ ಪ್ರಶ್ನೀನ ಇದರ ಮ್ಯಾಲೆ ಕೇಳ್ತೀನಿ. ಎಲ್ಲಾ ರೈತರೂ ನಿರಾಕರಿಸಿದ್ರೇನು?

ಹುಡುಗಿ: ಇಲ್ರಿ, ಅನೇಕರು.

ಮಾಸ್ತರ: ಆ ಹೊಲಕ್ಕ ನೀರು ಒಂದು ಹನಿನೂ ಬರಲಿಲ್ಲೇನು?

ಹುಡುಗಿ: ಬಂದಿರಬಹುದು, ಸಾಲಲಿಲ್ಲ.

ಮಾಸ್ತರ: ನೀರು ಸಾಕಷ್ಟು ಬಂದ ಹೊಲಕ್ಕ ಕರಾ ಇತ್ತೇನು?

ಹುಡುಗಿ: ‘ಅವುಗಳ ಮೇಲೂ’ ಅಂದೀನಿ, ಅಂದ್ರ ಇತ್ತು.

ಮಾಸ್ತರ: ಮೂಲ ಓದಿದವನೂ ಇದ ಉತ್ತರ ಕೊಡ್ತಾನ. ಹಿಂಗ ಎರಡೂ ಕಡೆ ಒಂದ ಉತ್ತರ ಬಂದ್ರ ಅರ್ಥ ಉಳದೈತಿ ಅಂತ ತಿಳ್ಕೊ. ಗದ್ಯಭಾಗದ ಮುಂದಿನ ವಾಕ್ಯ ಏನೈತಿ?

ಹುಡುಗಿ: “ಧಾರವಾಡ ಜಿಲ್ಲೆಯ ನರಗುಂದ ಮತ್ತು ನವಲಗುಂದಗಳಲ್ಲಿ ರೈತರು ಪ್ರತಿಭಟನೆ ನಡೆಸಿದರು.” ಇದರಾಗ ಒಂದು ತಪ್ಪೈತ್ರಿ, ನರಗುಂದ ಗದಗ ಜಿಲ್ಲೆ. ನಾ ತಿದ್ದಿ ಬರೀಬೇಕಂತ ಮಾಡೀನಿ.

ಮಾಸ್ತರ: ಗದಗ ಜಿಲ್ಲೆ ಆಗಿದ್ದು 1997ರಾಗ. 1980ಕ್ಕ ನರಗುಂದ ಧಾರವಾಡ ಜಿಲ್ಲೆದಾಗ ಇತ್ತು. ನೀ ತಿದ್ದಿದ್ರ ಸರಿ ಇದ್ದದ್ದು ತಪ್ಪಾಗ್ತೈತಿ.

ಹುಡುಗಿ: ಮತ್ತ ಈಗಿನವರು ಓದಿ ಗೊಂದಲಕ್ಕ ಬೀಳ್ತಾರಲ್ರಿ.

ಮಾಸ್ತರ: ‘ಅಂದಿನ ಧಾರವಾಡ ಜಿಲ್ಲೆಯ ನರಗುಂದ’ ಅಂತ ಬರೀ. ಸಂಗತಿ ಬದಲಾಗೂದಿಲ್ಲ, ಗೊಂದಲನೂ ಇರೂದಿಲ್ಲ. ಮೂಲದಾಗ ಖರೇನ ತಪ್ಪೈತಿ ಅಂತ ಅನಸಿದ್ರೂ ಉತ್ತರದ ಒಳಗ ಸುಮ್ಮನ ತಿದ್ದಬ್ಯಾಡ. ಮೂಲ ಏನು ಹೇಳ್ತೈತಿ ಅದನ್ನ ಬರದು, ನಿನ್ನ ಅನುಮಾನ ಏನು ಅಂತ ಕೆಳಗ ಬ್ಯಾರೆ ಬರೀ.

ಹುಡುಗಿ: ಇನ್ನೊಂದು ಕೇಳ್ತೀನ್ರಿ. ವಾರ್ಷಿಕ ಪರೀಕ್ಷೆದಾಗ ಇದನ್ನ ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಅಂತ ಕೇಳಿದ್ರ? ನನ್ನ ಉತ್ತರ ಮೂರು ವಾಕ್ಯ ಆಗೈತಿ.

ಮಾಸ್ತರ: ಕೂಡಿಸು. ಆದ್ರ ಮೂಲದ ಕ್ರಮಕ್ಕ ಹೊಳ್ಳಿ ಹೋಗಬ್ಯಾಡ. ಅವರು ಹೊಲದಿಂದ ಶುರು ಮಾಡಿ ರೈತರ ಕಡೆ ಬಂದಾರ. ನಿನಗ ಕೇಳಿದ್ದು ಕಾರಣ. ವಾಕ್ಯ ‘ಕಾರಣ’ ಅನ್ನೂದಕ್ಕ ಬಂದು ನಿಲ್ಲಲಿ.

ಹುಡುಗಿ: “ಬೇಕಾದಷ್ಟು ನೀರು ಸಿಗದ ಹೊಲಗಳನ್ನೂ ಬಿಡದೆ ಅಭಿವೃದ್ಧಿ ಕರ ಹಾಕಿದ್ದೇ ಮಲಪ್ರಭಾ ಅಚ್ಚುಕಟ್ಟಿನ ಅನೇಕ ರೈತರು ಅದನ್ನು ಕೊಡಲು ಒಪ್ಪದಿರಲು ಕಾರಣ.”

ಮಾಸ್ತರ: ‘ಹೊಲಗಳನ್ನೂ’ ಬಂತು, ‘ಅನೇಕ’ ಬಂತು, ‘ಬೇಕಾದಷ್ಟು’ ಬಂತು. ಇನ್ನೊಮ್ಮೆ ನೋಡು.

ಹುಡುಗಿ: ‘ಹಾಕಿದ್ದೇ’ ಅಂದೀನ್ರಿ. ‘ಹಾಕಿದ್ದು’ ಅನಬೇಕು.